ವಿಪಿಎನ್ ಮೂಲಕ ಆಡಿ ಗೆದ್ದ 8,240 ಯೂರೋ ರದ್ದಾಗಿದೆ: ಸೋತಾಗ ಸುಮ್ಮನಿದ್ದವರು ಗೆದ್ದಾಗ ಮಾತ್ರ ನಿಯಮ ತೋರಿಸಬಹುದೇ?

ಬಿಳಿಹಾಳೆ

ನಾನಿರುವ ದೇಶದಲ್ಲಿ ಈ ಕ್ಯಾಸಿನೋ ಜಾಲತಾಣ ತೆರೆಯುವುದಿಲ್ಲ. ಸೇವೆ ಲಭ್ಯವಿಲ್ಲ ಎಂಬ ಒಂದು ಪುಟ ಮಾತ್ರ ಕಾಣಿಸುತ್ತದೆ. ವಿಪಿಎನ್‌ನಲ್ಲಿ ಬೇರೊಂದು ದೇಶದ ಸರ್ವರ್ ಆರಿಸಿಕೊಂಡು ಎರಡು ತಿಂಗಳ ಹಿಂದೆ ಖಾತೆ ತೆರೆದೆ. ಮೊದಲು 100, ಆಮೇಲೆ ಮತ್ತೆ 100, ಕೊನೆಗೆ 150 ಯೂರೋ ಹಾಕಿದೆ. ನಡುವೆ ಒಮ್ಮೆ 300 ಯೂರೋ ಹಿಂದಕ್ಕೆ ತೆಗೆದಾಗ ಯಾವ ದಾಖಲೆಯನ್ನೂ ಕೇಳದೆ ಮರುದಿನವೇ ನನ್ನ ವ್ಯಾಲೆಟ್‌ಗೆ ಕಳುಹಿಸಿದ್ದರು. ಕಳೆದ ವಾರ ಸ್ಲಾಟ್ ಆಟದಲ್ಲಿ ದೊಡ್ಡ ಗೆಲುವು ಬಂದು ಖಾತೆಯಲ್ಲಿ 8,240 ಯೂರೋ ಆಯಿತು. ಅದನ್ನು ತೆಗೆಯಲು ಹೋದಾಗ ಗುರುತಿನ ಚೀಟಿಯನ್ನೂ ವಿಳಾಸದ ಪುರಾವೆಯನ್ನೂ ಕೇಳಿದರು. ನಿಜವಾದ ದಾಖಲೆಗಳನ್ನೇ ಕೊಟ್ಟೆ. ಮೂರು ದಿನಗಳ ನಂತರ, ನಿರ್ಬಂಧಿತ ಪ್ರದೇಶದಿಂದ ಆಡಿದ್ದೀರಿ, ಗೆಲುವು ರದ್ದಾಗಿದೆ, 50 ಯೂರೋ ಮಾತ್ರ ಹಿಂದಿರುಗಿಸುತ್ತೇವೆ ಎಂಬ ಇಮೇಲ್ ಬಂತು.

ನನ್ನ ಪ್ರಶ್ನೆ ಇಷ್ಟೇ. ನಾನು ಸೋಲುತ್ತಿದ್ದಾಗ ಅವರಿಗೆ ನನ್ನ ದೇಶ ಯಾವುದೆಂಬುದು ಮುಖ್ಯವಾಗಿರಲಿಲ್ಲ. ಗೆದ್ದಾಗ ಮಾತ್ರ ಅದು ಹೇಗೆ ಮುಖ್ಯವಾಯಿತು? ಆ 50 ಯೂರೋ ಯಾವ ಲೆಕ್ಕದಿಂದ ಬಂತು ಎಂಬುದೂ ನನಗೆ ತಿಳಿಯುತ್ತಿಲ್ಲ.

ನೇರನುಡಿ

ಇದು ಹಗಲುದರೋಡೆ. ಒಮ್ಮೆ 300 ಯೂರೋ ಕೊಟ್ಟ ಮೇಲೆ ನಿಮ್ಮನ್ನು ಗ್ರಾಹಕರೆಂದು ಒಪ್ಪಿಕೊಂಡಂತೆಯೇ ಆಯಿತು. ಈಗ ಹಿಂದೆ ಸರಿಯಲು ಅವರಿಗೆ ಯಾವ ಹಕ್ಕೂ ಇಲ್ಲ.

ದಾರಿಹೋಕ

50 ಯೂರೋ ಲೆಕ್ಕ ಸರಳವಾಗಿದೆ. ನೀವು ಒಟ್ಟು ಹಾಕಿದ್ದು 350, ಈಗಾಗಲೇ ಪಡೆದದ್ದು 300. ನಿಮ್ಮ ಸ್ವಂತ ಹಣದಲ್ಲಿ ಅವರ ಬಳಿ ಉಳಿದದ್ದು 50.

ಕಡತಪಾಲಕ

ನಾನು ಇಂತಹ ಒಂದು ಕಂಪನಿಯ ದಾಖಲೆ ಪರಿಶೀಲನಾ ವಿಭಾಗದಲ್ಲಿ ಆರು ವರ್ಷ ಕೆಲಸ ಮಾಡಿದ್ದೇನೆ. ಈಗ ಆ ಕ್ಷೇತ್ರದಲ್ಲಿ ಇಲ್ಲವಾದ್ದರಿಂದ ಬಿಚ್ಚುಮನಸ್ಸಿನಿಂದ ಬರೆಯಬಹುದು.

ಮೊದಲಿಗೆ ಕಾರಣ. ಜೂಜಿನ ಪರವಾನಗಿ ಎಂಬುದು ಇಡೀ ಜಗತ್ತಿಗೆ ಅನ್ವಯಿಸುವ ಅನುಮತಿಯಲ್ಲ. ಮಾಲ್ಟಾ ಗೇಮಿಂಗ್ ಅಥಾರಿಟಿಯಿಂದಾಗಲಿ ಕುರಸಾವ್‌ನಿಂದಾಗಲಿ ಪರವಾನಗಿ ಪಡೆದ ಕಂಪನಿ, ತನಗೆ ಅನುಮತಿಯಿಲ್ಲದ ದೇಶದ ನಿವಾಸಿಗೆ ಆಟ ನಡೆಸಿಕೊಟ್ಟರೆ ಆ ದೇಶದ ಕಾನೂನಿನ ಪ್ರಕಾರ ಅದು ಅನಧಿಕೃತ ಜೂಜುಕೇಂದ್ರವಾಗುತ್ತದೆ. ಪರವಾನಗಿ ಕೊಟ್ಟವರೂ ಹಣ ಸಾಗಿಸುವ ಸಂಸ್ಥೆಗಳೂ ಆಟಗಳನ್ನು ತಯಾರಿಸಿ ಕೊಡುವವರೂ ತಮ್ಮ ತಮ್ಮ ಒಪ್ಪಂದಗಳಲ್ಲಿ ನಿರ್ಬಂಧಿತ ದೇಶಗಳ ಪಟ್ಟಿಯನ್ನು ಇಟ್ಟಿರುತ್ತಾರೆ. ವಿಳಾಸದ ಪುರಾವೆ ಕೈಗೆ ಬಂದ ಕ್ಷಣದಿಂದ ಕಂಪನಿಗೆ ತಿಳಿಯಲಿಲ್ಲ ಎಂದು ಹೇಳಿಕೊಳ್ಳುವ ಅವಕಾಶ ಇರುವುದಿಲ್ಲ. ಅದರ ನಂತರ 8,240 ಯೂರೋ ಪಾವತಿಸಿದರೆ, ತಿಳಿದೂ ತಿಳಿದೂ ಆ ದೇಶದಲ್ಲಿ ವ್ಯವಹಾರ ನಡೆಸಿದ್ದಕ್ಕೆ ತಾನೇ ಸಾಕ್ಷಿ ಬರೆದುಕೊಟ್ಟಂತಾಗುತ್ತದೆ.

ಇನ್ನು ಗೆಲುವನ್ನು ರದ್ದು ಮಾಡಿ ಡಿಪಾಸಿಟ್ ಹಿಂದಿರುಗಿಸುವುದರ ಹಿಂದಿನ ತರ್ಕ. ಆ ಖಾತೆಯನ್ನು ಮೊದಲಿನಿಂದಲೂ ತೆರೆಯಲೇಬಾರದಿತ್ತು ಎಂದು ಭಾವಿಸಿ, ಇಬ್ಬರನ್ನೂ ಖಾತೆ ತೆರೆಯುವ ಹಿಂದಿನ ದಿನದ ಸ್ಥಿತಿಗೆ ತಂದು ನಿಲ್ಲಿಸುವುದು. ದಾರಿಹೋಕ ಅವರು ಮಾಡಿದ ಲೆಕ್ಕ ಅದೇ. ನೇರನುಡಿ ಅವರೇ, ಆಗ 300 ಕೊಟ್ಟದ್ದರಿಂದ ಒಪ್ಪಿಗೆ ಸಿಕ್ಕಿತೆಂದು ಹೇಳುವುದು ಕಷ್ಟ, ಏಕೆಂದರೆ ಆಗ ಅವರ ಬಳಿ ದಾಖಲೆ ಇರಲಿಲ್ಲ. ತಿಳಿಯದೆ ಮಾಡಿದ್ದು ಒಪ್ಪಿಗೆಯಾಗುವುದಿಲ್ಲ.

ಬಿಳಿಹಾಳೆ ಅವರಿಗೆ ಒಂದು ಪ್ರಶ್ನೆ. ಖಾತೆ ತೆರೆಯುವಾಗ ವಾಸಿಸುವ ದೇಶ ಎಂಬ ಜಾಗದಲ್ಲಿ ಏನನ್ನು ಆರಿಸಿದಿರಿ?

ಗಣಕಮಿತ್ರ

ವಿಪಿಎನ್ ಸರಿಯಾಗಿ ಕೆಲಸ ಮಾಡಿದ್ದರೆ ಅವರಿಗೆ ಗೊತ್ತಾಗಲು ಸಾಧ್ಯವೇ ಇರಲಿಲ್ಲ. ನೀವು ಉಚಿತ ಅಥವಾ ಅಗ್ಗದ ವಿಪಿಎನ್ ಬಳಸಿರಬೇಕು. ದತ್ತಾಂಶ ಕೇಂದ್ರಗಳ ಐಪಿ ವಿಳಾಸಗಳ ಪಟ್ಟಿಯನ್ನು ಮಾರುವ ಕಂಪನಿಗಳಿವೆ, ಕ್ಯಾಸಿನೋಗಳು ಅದನ್ನು ಕೊಂಡುಕೊಳ್ಳುತ್ತವೆ. ಮನೆ ಸಂಪರ್ಕದಂತೆ ಕಾಣುವ ಐಪಿ ಇದ್ದಿದ್ದರೆ ಈ ಸಮಸ್ಯೆಯೇ ಹುಟ್ಟುತ್ತಿರಲಿಲ್ಲ.

ಕಡತಪಾಲಕ

ಗಣಕಮಿತ್ರ ಅವರೇ, ಪಟ್ಟಿಯ ವಿಷಯ ನಿಜ, ಆದರೆ ತೀರ್ಮಾನ ತಪ್ಪು. ನಾವು ಒಂದು ಖಾತೆಯನ್ನು ಕೈಗೆತ್ತಿಕೊಂಡಾಗ ಐಪಿ ವಿಳಾಸವನ್ನು ಕೊನೆಯಲ್ಲಿ ನೋಡುತ್ತಿದ್ದೆವು. ವ್ಯಾಲೆಟ್ ಖಾತೆ ಯಾವ ದೇಶದಲ್ಲಿ ನೋಂದಣಿಯಾಗಿದೆ, ಕಾರ್ಡಿನ ಮೊದಲ ಅಂಕಿಗಳು ಯಾವ ದೇಶದ ಬ್ಯಾಂಕನ್ನು ಸೂಚಿಸುತ್ತವೆ, ಬ್ರೌಸರ್ ತಿಳಿಸುವ ಕಾಲವಲಯ ಐಪಿ ಹೇಳುವ ದೇಶಕ್ಕೆ ಹೊಂದುತ್ತದೆಯೇ ಎಂಬುದನ್ನು ಮೊದಲು ನೋಡುತ್ತಿದ್ದೆವು. ವಿಪಿಎನ್ ಸಂಪರ್ಕ ಅರ್ಧ ನಿಮಿಷ ಕಡಿದು ಹೋದರೂ ಆ ಅರ್ಧ ನಿಮಿಷದ ನಿಜವಾದ ವಿಳಾಸ ದಾಖಲೆಯಲ್ಲಿ ಉಳಿಯುತ್ತದೆ. ಇವೆಲ್ಲ ಅನುಮಾನಕ್ಕೆ ಆಧಾರ ಮಾತ್ರ, ನಿರ್ಧಾರವಾಗುವುದು ವಿಳಾಸದ ಪುರಾವೆಯಿಂದ. ಕಳೆದ ಮೂರು ತಿಂಗಳೊಳಗಿನ ವಿದ್ಯುತ್ ಬಿಲ್ಲನ್ನೋ ಬ್ಯಾಂಕ್ ವಿವರವನ್ನೋ ನೀವೇ ಕೈಯಾರೆ ಕಳುಹಿಸುತ್ತೀರಿ, ಅದರ ಮೇಲೆ ನಿಮ್ಮ ದೇಶದ ಹೆಸರು ಇರುತ್ತದೆ. ಅದನ್ನು ಯಾವ ವಿಪಿಎನ್ ಬದಲಾಯಿಸಬಲ್ಲದು?

ಹೊಸಗಾಳಿ

ನೀವೆಲ್ಲ ಸುಮ್ಮನೆ ತಲೆಕೆಡಿಸಿಕೊಳ್ಳುತ್ತಿದ್ದೀರಿ. ಕ್ರಿಪ್ಟೋ ಕ್ಯಾಸಿನೋಗಳಲ್ಲಿ ವಿಪಿಎನ್‌ಗೆ ಅನುಮತಿ ಇದೆ, ದಾಖಲೆ ಕೇಳುವುದೂ ಇಲ್ಲ. ನಾನು ಆಡುವ ಜಾಲತಾಣದ ಚಾಟ್‌ನಲ್ಲೇ ಕೇಳಿದ್ದೇನೆ, ವಿಪಿಎನ್ ಬಳಸಬಹುದು ಎಂದು ಸ್ಪಷ್ಟವಾಗಿ ಉತ್ತರಿಸಿದ್ದಾರೆ. ಆ ಚಾಟ್‌ನ ಚಿತ್ರವನ್ನೂ ಉಳಿಸಿಕೊಂಡಿದ್ದೇನೆ.

ಮೂರನೇಸಾಲು

ಹೊಸಗಾಳಿ ಅವರೇ, ದಯವಿಟ್ಟು ಅದೇ ಜಾಲತಾಣದ ಷರತ್ತುಗಳಲ್ಲಿ ನಿರ್ಬಂಧಿತ ದೇಶಗಳ ಪಟ್ಟಿ ಇದೆಯೇ ಎಂದು ನೋಡಿ ಬನ್ನಿ.

ಹೊಸಗಾಳಿ

ಇದೆ. ನನ್ನ ದೇಶವೂ ಅದರಲ್ಲಿದೆ. ಆದರೆ ವಿಪಿಎನ್ ಬಳಸಬಹುದು ಎಂದಿದ್ದಾರಲ್ಲ?

ಮೂರನೇಸಾಲು

ಇಲ್ಲಿಯೇ ಬಹಳ ಜನ ಎಡವುತ್ತಾರೆ. ವಿಪಿಎನ್ ಬಳಸಬಹುದೇ ಎಂಬುದು ಒಂದು ಪ್ರಶ್ನೆ, ನಿಮ್ಮ ದೇಶದವರು ಆಡಬಹುದೇ ಎಂಬುದು ಇನ್ನೊಂದು. ಚಾಟ್‌ನಲ್ಲಿದ್ದವರು ಮೊದಲನೆಯದಕ್ಕೆ ಮಾತ್ರ ಉತ್ತರ ಕೊಟ್ಟಿದ್ದಾರೆ, ಏಕೆಂದರೆ ನೀವು ಕೇಳಿದ್ದು ಅದನ್ನು ಮಾತ್ರ. ಅನುಮತಿ ಇರುವ ದೇಶದ ನಿವಾಸಿಯೊಬ್ಬರು ತಮ್ಮ ಖಾಸಗಿತನಕ್ಕಾಗಿ ವಿಪಿಎನ್ ಹಾಕಿಕೊಂಡರೆ ಆ ಜಾಲತಾಣದ ಅಭ್ಯಂತರವಿಲ್ಲ ಎಂಬುದು ಆ ಮಾತಿನ ಅರ್ಥ. ಪಟ್ಟಿಯಲ್ಲಿರುವ ದೇಶದವರಿಗೆ ಬಾಗಿಲು ತೆರೆದಿದೆ ಎಂಬ ಅರ್ಥ ಅದರಲ್ಲಿಲ್ಲ.

ದಾಖಲೆ ಕೇಳುವುದಿಲ್ಲ ಎಂಬುದನ್ನೂ ಇನ್ನೊಮ್ಮೆ ಓದಿ ನೋಡಿ. ಬಹುತೇಕ ಕಡೆ ಅದರ ಪಕ್ಕದಲ್ಲೇ, ಅಗತ್ಯ ಕಂಡಾಗ ಯಾವ ಸಮಯದಲ್ಲಾದರೂ ಕೇಳುವ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇವೆ ಎಂಬ ವಾಕ್ಯವಿರುತ್ತದೆ. ಆ ಅಗತ್ಯ ಕಾಣುವುದು ಸಾಮಾನ್ಯವಾಗಿ ದೊಡ್ಡ ಮೊತ್ತವನ್ನು ತೆಗೆಯುವ ದಿನ.

ಹೊಸಗಾಳಿ

ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು ಎಂದಾಯಿತು. ದೇಶದ ಹೆಸರನ್ನು ಹೇಳಿಯೇ ಮತ್ತೊಮ್ಮೆ ಕೇಳುತ್ತೇನೆ.

ಕಡಲಂಚು

ನನಗೂ ಇಂಥದ್ದೇ ಅನುಭವವಾಗಿತ್ತು, ಆದರೆ ನನ್ನ ಹಣ ಬಂತು. ನಾನು ಅನುಮತಿ ಇರುವ ದೇಶದ ನಿವಾಸಿ. ಕೆಲಸದ ಮೇಲೆ ಎರಡು ವಾರ ಬೇರೆ ದೇಶಕ್ಕೆ ಹೋಗಿದ್ದಾಗ ಕಚೇರಿಯ ಲ್ಯಾಪ್‌ಟಾಪ್‌ನಲ್ಲಿ ವಿಪಿಎನ್ ಸದಾ ಚಾಲನೆಯಲ್ಲಿತ್ತು, ಅಲ್ಲಿಂದಲೇ ಆಡಿದ್ದೆ. ಖಾತೆಯನ್ನು ತಡೆಹಿಡಿದರು. ವಾಸದ ಪುರಾವೆ, ಪ್ರಯಾಣದ ಟಿಕೆಟ್, ಕಚೇರಿಯ ಪತ್ರ ಎಲ್ಲವನ್ನೂ ಕಳುಹಿಸಿದೆ. ಪ್ರಯಾಣದ ದಿನಗಳಲ್ಲಿ ಆಡಿದ ಆಟಗಳನ್ನು ಮಾತ್ರ ರದ್ದು ಮಾಡಿ ಉಳಿದ ಹಣವನ್ನು ಕೊಟ್ಟರು. ಹಾಗಾಗಿ ಬಿಳಿಹಾಳೆ ಅವರು ಧೈರ್ಯಗೆಡಬೇಕಾಗಿಲ್ಲ ಎಂದುಕೊಳ್ಳುತ್ತೇನೆ.

ಕಡತಪಾಲಕ

ಕಡಲಂಚು ಅವರ ಪ್ರಕರಣದಲ್ಲಿ ವಾಸದ ದೇಶ ಸರಿಯಾಗಿತ್ತು, ಕೆಲವು ದಿನಗಳ ಸ್ಥಳ ಮಾತ್ರ ತಪ್ಪಾಗಿತ್ತು. ಬಿಳಿಹಾಳೆ ಅವರ ವಿಷಯದಲ್ಲಿ ವಾಸದ ದೇಶವೇ ಪಟ್ಟಿಯಲ್ಲಿರುವುದರಿಂದ ಉಳಿಸಿಕೊಳ್ಳಬಹುದಾದ ಒಂದು ದಿನದ ಆಟವೂ ಇಲ್ಲ. ನನ್ನ ಪ್ರಶ್ನೆಗೆ ಅವರ ಉತ್ತರಕ್ಕಾಗಿ ಇನ್ನೂ ಕಾಯುತ್ತಿದ್ದೇನೆ.

ಬಿಳಿಹಾಳೆ

ಕ್ಷಮಿಸಿ, ತಡವಾಯಿತು. ಉತ್ತರಿಸಲು ಸ್ವಲ್ಪ ಸಂಕೋಚವೂ ಇತ್ತು. ನೋಂದಣಿಯ ಪುಟದಲ್ಲಿದ್ದ ದೇಶಗಳ ಪಟ್ಟಿಯಲ್ಲಿ ನನ್ನ ದೇಶದ ಹೆಸರು ಇರಲಿಲ್ಲ. ಆದ್ದರಿಂದ ವಿಪಿಎನ್ ಸರ್ವರ್ ಇದ್ದ ದೇಶವನ್ನೇ ಆರಿಸಿ, ಅಲ್ಲಿನ ಯಾವುದೋ ಒಂದು ರಸ್ತೆಯ ವಿಳಾಸವನ್ನು ತುಂಬಿದೆ. ಅದನ್ನು ಒಂದು ಔಪಚಾರಿಕತೆ ಎಂದು ಮಾತ್ರ ಭಾವಿಸಿದ್ದೆ.

ಕಡತಪಾಲಕ

ಹಾಗಾದರೆ ನಿಮ್ಮ ಪ್ರಕರಣದ ತಿರುಳು ವಿಪಿಎನ್ ಅಲ್ಲ, ಆ ವಿಳಾಸ. ನಿರ್ಬಂಧ ಇರುವುದು ತಿಳಿದಿರಲಿಲ್ಲ ಎಂಬ ವಾದ ನಿಮಗೆ ಉಳಿದಿಲ್ಲ. ತೆರೆಯದ ಪುಟ ಒಮ್ಮೆ ಹೇಳಿತ್ತು, ಪಟ್ಟಿಯಲ್ಲಿ ಇಲ್ಲದ ಹೆಸರು ಎರಡನೆಯ ಬಾರಿ ಹೇಳಿತ್ತು. ಕಂಪನಿ ನಿಮ್ಮ ಕಡತದಲ್ಲಿ ಈ ಎರಡನ್ನೂ ಬರೆದಿರುತ್ತದೆ.

ನೇರನುಡಿ

ಅವರು ಸುಳ್ಳು ವಿಳಾಸ ಕೊಟ್ಟದ್ದು ತಪ್ಪೆಂದು ಒಪ್ಪುತ್ತೇನೆ. ಆದರೂ ನನ್ನ ಮೂಲ ಆಕ್ಷೇಪ ಹಾಗೆಯೇ ಇದೆ. ಅವರು 350 ಯೂರೋವನ್ನೂ ಸೋತು ಸುಮ್ಮನೆ ಹೋಗಿದ್ದರೆ ಕಂಪನಿ ಅವರನ್ನು ಹುಡುಕಿಕೊಂಡು ಬಂದು, ನೀವು ನಿರ್ಬಂಧಿತ ದೇಶದವರು, ಇಗೋ ನಿಮ್ಮ ಹಣ ಎಂದು ಹಿಂದಿರುಗಿಸುತ್ತಿತ್ತೇ? ಇಬ್ಬರನ್ನೂ ಮೊದಲಿನ ಸ್ಥಿತಿಗೆ ತರುವುದು ಎಂಬ ತತ್ತ್ವ ಗೆದ್ದವರಿಗೆ ಮಾತ್ರ ಅನ್ವಯಿಸುವುದಾದರೆ ಅದನ್ನು ತತ್ತ್ವವೆಂದು ಕರೆಯಲಾಗದು.

ಕಡತಪಾಲಕ

ಹಿಂದಿರುಗಿಸುತ್ತಿರಲಿಲ್ಲ. ಇದಕ್ಕೆ ನನ್ನ ಬಳಿ ಸಮರ್ಥನೆ ಇಲ್ಲ. ಪರಿಶೀಲನೆಗೆ ಖರ್ಚಾಗುತ್ತದೆ ಎಂಬ ಕಾರಣ ಕೊಟ್ಟು, ಹಣ ಹೊರಹೋಗುವ ಬಾಗಿಲಲ್ಲಿ ಮಾತ್ರ ಕಾವಲು ಇಡುವ ಪದ್ಧತಿಯನ್ನು ಹಲವು ಕಂಪನಿಗಳು ಇಟ್ಟುಕೊಂಡಿವೆ. ಬ್ರಿಟನ್ನಿನಲ್ಲಿ ಗ್ಯಾಂಬ್ಲಿಂಗ್ ಕಮಿಷನ್ 2019ರ ಮೇ ತಿಂಗಳಿನಿಂದ ಇದನ್ನು ಬದಲಾಯಿಸಿತು. ಆಟಗಾರನ ಹೆಸರು, ವಿಳಾಸ, ಜನ್ಮದಿನಾಂಕಗಳನ್ನು ಆಟ ಆರಂಭವಾಗುವ ಮೊದಲೇ ಪರಿಶೀಲಿಸಬೇಕು, ಮೊದಲೇ ಕೇಳಬಹುದಾಗಿದ್ದ ದಾಖಲೆಯನ್ನು ಹಣ ತೆಗೆಯುವಾಗ ಕೇಳಿ ಸತಾಯಿಸಬಾರದು ಎಂಬುದು ಅಲ್ಲಿನ ನಿಯಮ. ಎಲ್ಲ ಪರವಾನಗಿಗಳಲ್ಲೂ ಈ ನಿಯಮ ಇದ್ದಿದ್ದರೆ ಬಿಳಿಹಾಳೆ ಅವರ ಖಾತೆ ಮೊದಲ ದಿನವೇ ಮುಚ್ಚಿಹೋಗುತ್ತಿತ್ತು, ಈ ಚರ್ಚೆಯೂ ಇರುತ್ತಿರಲಿಲ್ಲ.

ಲೆಕ್ಕದಪುಸ್ತಕ

ನೇರನುಡಿ ಅವರ ಮಾತನ್ನು ಲೆಕ್ಕಕ್ಕೆ ಇಳಿಸಿ ನೋಡೋಣ. ಸ್ಲಾಟ್ ಆಟವೊಂದರ ಮರುಪಾವತಿ ಪ್ರಮಾಣ 96 ಶೇಕಡಾ ಎಂದಿಟ್ಟುಕೊಳ್ಳಿ. ದೀರ್ಘಾವಧಿಯಲ್ಲಿ ಪ್ರತಿ 100 ಯೂರೋ ಪಣಕ್ಕೆ 96 ಹಿಂದೆ ಬರುತ್ತದೆ ಎಂದು ಅದರ ಅರ್ಥ. ಆ 96ರಲ್ಲಿ ದೊಡ್ಡ ಪಾಲು, ಅಪರೂಪಕ್ಕೆ ಕೆಲವರಿಗೆ ಮಾತ್ರ ಬರುವ ದೊಡ್ಡ ಗೆಲುವುಗಳಲ್ಲಿ ಅಡಗಿರುತ್ತದೆ. ನಿರ್ಬಂಧಿತ ದೇಶದಿಂದ ಆಡುವವನಿಗೆ ಆ ದೊಡ್ಡ ಗೆಲುವುಗಳೇ ಸಿಗುವುದಿಲ್ಲ. ಸಣ್ಣ ಮೊತ್ತಗಳು ಪರಿಶೀಲನೆಯಿಲ್ಲದೆ ಹೊರಬರಬಹುದು, ಆದರೆ ಪರಿಶೀಲನೆಗೆ ಸಿಕ್ಕಿದ ದಿನ ಅವನು ನಿರೀಕ್ಷಿಸಬಹುದಾದ ಅತ್ಯುತ್ತಮ ಫಲಿತಾಂಶ ತನ್ನದೇ ಹಣ ತನಗೆ ಮರಳುವುದು. ಸೋತರೆ ಎಲ್ಲವೂ ಹೋಗುತ್ತದೆ. ಪರದೆಯ ಮೇಲೆ 96 ಎಂದು ಬರೆದಿದ್ದರೂ ಅವನು ಆಡುತ್ತಿರುವುದು ಆ ಆಟವನ್ನಲ್ಲ.

ಬಿಳಿಹಾಳೆ

ಇದನ್ನು ಎರಡು ತಿಂಗಳ ಹಿಂದೆ ಓದಿದ್ದರೆ ಆಡುತ್ತಲೇ ಇರಲಿಲ್ಲ.

ತರಗತಿಯಿಂದಾಚೆ

ನಾನು ಕಾನೂನು ಓದುತ್ತಿದ್ದೇನೆ. ಕಂಪನಿಯ ಷರತ್ತೇ ಅಂತಿಮವಲ್ಲ. 2021ರಲ್ಲಿ ಇಂಗ್ಲೆಂಡಿನ ಹೈಕೋರ್ಟ್ ಬೆಟ್‌ಫ್ರೆಡ್ ಕಂಪನಿಯ ವಿರುದ್ಧ ತೀರ್ಪು ಕೊಟ್ಟಿತು. ಆಟಗಾರರೊಬ್ಬರು 2018ರಲ್ಲಿ ಬ್ಲ್ಯಾಕ್‌ಜಾಕ್ ಆಟದಲ್ಲಿ ಸುಮಾರು 17 ಲಕ್ಷ ಪೌಂಡ್ ಗೆದ್ದಿದ್ದರು. ಕಂಪನಿ ತನ್ನ ಷರತ್ತುಗಳನ್ನು ತೋರಿಸಿ ಕೊಡಲು ನಿರಾಕರಿಸಿತ್ತು. ಆ ಷರತ್ತುಗಳು ಸ್ಪಷ್ಟವಾಗಿಲ್ಲ, ಆಟಗಾರನ ಗಮನಕ್ಕೆ ಸರಿಯಾಗಿ ತಂದಿಲ್ಲ ಎಂದು ಹೇಳಿ ನ್ಯಾಯಾಲಯ ಹಣ ಕೊಡಿಸಿತು. ಬಿಳಿಹಾಳೆ ಅವರೂ ಇದೇ ದಾರಿಯಲ್ಲಿ ಹೋಗಬಹುದು.

ಮೂರನೇಸಾಲು

ಆ ಪ್ರಕರಣ ಆಟದ ತಂತ್ರಾಂಶದಲ್ಲಿದ್ದ ದೋಷಕ್ಕೆ ಸಂಬಂಧಿಸಿದ್ದು. ಆಟಗಾರನ ಕಡೆಯಿಂದ ಯಾವ ಸುಳ್ಳೂ ಇರಲಿಲ್ಲ, ಅವರು ಆಡಲು ಪೂರ್ಣ ಅರ್ಹರಾಗಿದ್ದರು, ದೋಷ ಇರುವುದೂ ಅವರಿಗೆ ತಿಳಿದಿರಲಿಲ್ಲ. ಇಲ್ಲಿ ಷರತ್ತು ಎಲ್ಲೋ ಮೂಲೆಯಲ್ಲಿ ಅಡಗಿರಲಿಲ್ಲ. ಪುಟವೇ ತೆರೆಯಲಿಲ್ಲ. ಇಷ್ಟು ಎದ್ದುಕಾಣುವಂತೆ ಗಮನಕ್ಕೆ ತಂದ ಷರತ್ತು ಇನ್ನೊಂದಿರಲಾರದು.

ತರಗತಿಯಿಂದಾಚೆ

ಒಪ್ಪುತ್ತೇನೆ, ಹೋಲಿಕೆ ಪೂರ್ತಿ ಸರಿಹೊಂದುವುದಿಲ್ಲ. ಆದರೆ ಷರತ್ತಿನ ಭಾಷೆಯನ್ನು ಓದಿ ನೋಡುವುದರಲ್ಲಿ ಅರ್ಥವಿದೆ ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. ಗೆಲುವನ್ನು ಮಾತ್ರ ರದ್ದು ಮಾಡಬಹುದು ಎಂದಿದೆಯೋ, ಡಿಪಾಸಿಟನ್ನೂ ಇಟ್ಟುಕೊಳ್ಳಬಹುದು ಎಂದಿದೆಯೋ ಎಂಬುದು ಬೇರೆ ಬೇರೆ ಕಡೆ ಬೇರೆ ಬೇರೆಯಾಗಿರುತ್ತದೆ.

ಒಂಟಿದೋಣಿ

ನನ್ನ ಸಮಸ್ಯೆ ಇದಕ್ಕೆ ತದ್ವಿರುದ್ಧ. ನಾನು ವಿಪಿಎನ್ ಮೂಲಕ ನಾಲ್ಕು ತಿಂಗಳು ಆಡಿ ಬಹಳಷ್ಟು ಹಣ ಕಳೆದುಕೊಂಡೆ. ನಿರ್ಬಂಧಿತ ದೇಶದವನೊಂದಿಗಿನ ಒಪ್ಪಂದವೇ ಅಸಿಂಧುವಾದರೆ ನಾನು ಸೋತದ್ದನ್ನೂ ಹಿಂದಿರುಗಿಸಬೇಕಲ್ಲವೇ? ಆಸ್ಟ್ರಿಯಾ ಮತ್ತು ಜರ್ಮನಿಯಲ್ಲಿ ಹಾಗೆ ಕೊಡಿಸಿದ್ದಾರೆ ಎಂದು ಓದಿದ್ದೇನೆ. ವಿಷಯ ಸ್ವಲ್ಪ ಬೇರೆಯಾದರೂ ಇಲ್ಲಿಯೇ ಕೇಳುತ್ತಿದ್ದೇನೆ.

ತರಗತಿಯಿಂದಾಚೆ

ಆ ಎರಡು ದೇಶಗಳಲ್ಲಿ ಸ್ಥಳೀಯ ಪರವಾನಗಿ ಇಲ್ಲದ ಕ್ಯಾಸಿನೋಗಳಿಂದ ಸೋತ ಹಣವನ್ನು ನ್ಯಾಯಾಲಯಗಳು ಕೊಡಿಸಿರುವುದು ನಿಜ. ಆದರೆ ತೀರ್ಪು ಬಂದ ಮಾತ್ರಕ್ಕೆ ಹಣ ಕೈಸೇರುವುದಿಲ್ಲ. ಮಾಲ್ಟಾ ದೇಶವು 2023ರಲ್ಲಿ ತನ್ನ ಗೇಮಿಂಗ್ ಕಾಯ್ದೆಗೆ ತಿದ್ದುಪಡಿ ತಂದು, ಅಲ್ಲಿನ ಪರವಾನಗಿ ಪಡೆದ ಕಂಪನಿಗಳ ವಿರುದ್ಧ ಬರುವ ಇಂತಹ ವಿದೇಶಿ ತೀರ್ಪುಗಳನ್ನು ತನ್ನ ನೆಲದಲ್ಲಿ ಜಾರಿಗೊಳಿಸದಂತೆ ಮಾಡಿಕೊಂಡಿತು. ಅದು ಯುರೋಪಿಯನ್ ಕಾನೂನಿಗೆ ಹೊಂದುತ್ತದೆಯೇ ಎಂಬ ವಾದವೂ ನಡೆದಿದೆ.

ಇನ್ನೊಂದು ವ್ಯತ್ಯಾಸವೂ ಇದೆ. ಆ ಕ್ಯಾಸಿನೋಗಳು ಆ ದೇಶಗಳ ಆಟಗಾರರನ್ನು ಬಾಗಿಲು ತೆರೆದು ಸ್ವಾಗತಿಸಿದ್ದವು. ನಿಮ್ಮ ವಿಷಯದಲ್ಲಿ ಕಂಪನಿ ಬಾಗಿಲು ಮುಚ್ಚಿತ್ತು, ನೀವು ಬೇರೆ ದೇಶದವರೆಂದು ತೋರಿಸಿಕೊಂಡು ಒಳಗೆ ಹೋದಿರಿ. ಆ ವ್ಯತ್ಯಾಸಕ್ಕೆ ನ್ಯಾಯಾಧೀಶರು ಎಷ್ಟು ತೂಕ ಕೊಡುತ್ತಾರೆ ಎಂಬುದು ನಿಮ್ಮ ದೇಶದ ಕಾನೂನನ್ನು ಅವಲಂಬಿಸಿದೆ.

ಕಡತಪಾಲಕ

ಒಂಟಿದೋಣಿ ಅವರೇ, ನಾಲ್ಕು ತಿಂಗಳು ಎಂದಿದ್ದೀರಿ. ಹಣದ ವಿಷಯ ಹಾಗಿರಲಿ, ನಿಮ್ಮ ದೇಶದಲ್ಲಿ ಜೂಜಿನಿಂದ ತಮ್ಮನ್ನು ತಾವೇ ಹೊರಗಿರಿಸಿಕೊಳ್ಳುವ ನೋಂದಣಿ ವ್ಯವಸ್ಥೆ ಇದ್ದರೆ, ವಿಪಿಎನ್ ಮೂಲಕ ತಲುಪುವ ವಿದೇಶಿ ಜಾಲತಾಣಗಳಿಗೆ ಅದು ತಟ್ಟುವುದಿಲ್ಲ ಎಂಬುದು ನೆನಪಿರಲಿ. ಆ ಖಾತೆಯನ್ನು ಶಾಶ್ವತವಾಗಿ ಮುಚ್ಚುವಂತೆ ಬರೆದು ಕೇಳಿ, ಅವರ ಉತ್ತರವನ್ನು ಉಳಿಸಿಕೊಳ್ಳಿ.

ಚುರುಕುಬೆರಳು

ಬಿಳಿಹಾಳೆ ಅವರಿಗೆ ಒಂದು ಸುಲಭದ ದಾರಿ ಹೇಳುತ್ತೇನೆ. ನೋಂದಣಿಯಲ್ಲಿ ಕೊಟ್ಟ ವಿಳಾಸಕ್ಕೆ ಹೊಂದುವ ಒಂದು ಬಿಲ್ಲನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸಿ, ಇತ್ತೀಚೆಗೆ ಮನೆ ಬದಲಾಯಿಸಿದ್ದೇನೆ ಎಂದು ಹೇಳಿ ಕಳುಹಿಸಿ.

ಕಡತಪಾಲಕ

ದಯವಿಟ್ಟು ಇದನ್ನು ಮಾಡಬೇಡಿ. ಈಗ ಆಗಿರುವುದು ಒಪ್ಪಂದದ ಷರತ್ತಿನ ಉಲ್ಲಂಘನೆ. ನಕಲಿ ಬಿಲ್ಲು ಕಳುಹಿಸಿದರೆ ಅದು ದಾಖಲೆಯ ಕೂಟಸೃಷ್ಟಿಯಾಗುತ್ತದೆ, ಅದಕ್ಕೆ ಶಿಕ್ಷೆಯಿದೆ. ಅಲ್ಲದೆ ನಿಮ್ಮ ನಿಜವಾದ ದಾಖಲೆ ಈಗಾಗಲೇ ಅವರ ಕಡತದಲ್ಲಿದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡುವವರು ಒಬ್ಬ ಪರಿಶೀಲಕರು. ಬಿಲ್ಲಿನ ಕಡತವನ್ನು ಯಾವ ತಂತ್ರಾಂಶದಲ್ಲಿ ಯಾವ ದಿನ ತಿದ್ದಲಾಗಿದೆ ಎಂಬುದು ಕಡತದೊಳಗೇ ಉಳಿದಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಆಗ ಬರಬೇಕಾದ 50 ಯೂರೋ ಕೂಡ ವಂಚನೆಯ ಹೆಸರಿನಲ್ಲಿ ನಿಂತುಹೋಗುತ್ತದೆ.

ದಾರಿಹೋಕ

ಕಾರ್ಡ್ ಕಂಪನಿಗೆ ದೂರು ಕೊಟ್ಟು 350 ಯೂರೋವನ್ನೂ ವಾಪಸ್ ಪಡೆಯಲಾಗದೇ?

ಮೂರನೇಸಾಲು

ಹಣ ಹಾಕಿದವರು ಅವರೇ, ಆಟ ಆಡಿದವರೂ ಅವರೇ. ನಾನು ಮಾಡದ ಪಾವತಿ ಎಂದು ದೂರು ಕೊಟ್ಟರೆ ಅದು ಎರಡನೆಯ ಸುಳ್ಳಾಗುತ್ತದೆ. 300 ಯೂರೋ ಈಗಾಗಲೇ ಬಂದಿರುವುದೂ ಬ್ಯಾಂಕಿಗೆ ತಿಳಿಯುತ್ತದೆ.

ಬಿಳಿಹಾಳೆ

ನಕಲಿ ದಾಖಲೆಯ ದಾರಿಯನ್ನು ನಾನು ಹಿಡಿಯುವುದಿಲ್ಲ. ಈಗ ನಾನು ಮಾಡಬಹುದಾದದ್ದು ಏನಾದರೂ ಉಳಿದಿದೆಯೇ?

ಕಡತಪಾಲಕ

ಕೆಲವು ಸಣ್ಣ ಕೆಲಸಗಳಿವೆ. ಯಾವ ಷರತ್ತಿನ ಯಾವ ಕಲಮಿನ ಪ್ರಕಾರ ಗೆಲುವನ್ನು ರದ್ದು ಮಾಡಿದ್ದಾರೆ ಎಂದು ಬರಹದಲ್ಲಿ ಕೇಳಿ, ನೀವು ಖಾತೆ ತೆರೆದ ದಿನ ಆ ಕಲಮು ಜಾರಿಯಲ್ಲಿತ್ತೇ ಎಂಬುದನ್ನೂ ಕೇಳಿ. ಡಿಪಾಸಿಟ್ ಮತ್ತು ಪಾವತಿಗಳ ಪೂರ್ಣ ವಿವರ ತರಿಸಿಕೊಂಡು 50 ಯೂರೋ ಲೆಕ್ಕವನ್ನು ನೀವೇ ತಾಳೆ ನೋಡಿ. ಅದೂ ಬಾರದಿದ್ದರೆ, ಷರತ್ತುಗಳಲ್ಲಿ ಹೆಸರಿಸಿರುವ ಸ್ವತಂತ್ರ ವಿವಾದ ಪರಿಹಾರ ಸಂಸ್ಥೆಗೆ ದೂರು ಕೊಡಬಹುದು. ದೂರಿನಲ್ಲಿ ವಿಳಾಸದ ವಿಷಯವನ್ನು ಮುಚ್ಚಿಡದೆ ನೀವೇ ಮೊದಲು ಹೇಳಿಬಿಡಿ. ಅಂತಹ ಸಂಸ್ಥೆಗಳು ನಿಮಗೆ 8,240 ಯೂರೋ ಕೊಡಿಸುವ ಸಂಭವ ತೀರಾ ಕಡಿಮೆ, ಆದರೆ ಡಿಪಾಸಿಟ್ ತಡೆಹಿಡಿದ ಕಂಪನಿಗಳು ಅಂತಹ ದೂರಿನ ನಂತರ ಅದನ್ನು ಕೊಟ್ಟದ್ದನ್ನು ನಾನೇ ಒಳಗಿನಿಂದ ನೋಡಿದ್ದೇನೆ.

ನೇರನುಡಿ

ದೂರಿನಲ್ಲಿ ಇನ್ನೊಂದು ಸಾಲನ್ನೂ ಸೇರಿಸಿ. ವ್ಯಾಲೆಟ್ ಯಾವ ದೇಶದ್ದು ಎಂಬುದು ಮೊದಲ ಡಿಪಾಸಿಟ್ ದಿನವೇ ಅವರ ಕಣ್ಣಿಗೆ ಬಿದ್ದಿತ್ತು ಎಂದು ಕಡತಪಾಲಕ ಅವರ ಮಾತಿನಿಂದಲೇ ತಿಳಿಯುತ್ತದೆ. ಎರಡು ತಿಂಗಳು ಅದನ್ನು ನೋಡಿಯೂ ನೋಡದಂತೆ ಇದ್ದದ್ದೇಕೆ ಎಂಬುದಕ್ಕೆ ಅವರು ಉತ್ತರಿಸಲಿ.

ಕಡತಪಾಲಕ

ಅದು ನ್ಯಾಯವಾದ ಪ್ರಶ್ನೆ. ಕಂಪನಿಗೆ ತಿಳಿದಿರಲಿಲ್ಲ ಎಂದು ನಾನು ಮೊದಲು ಬರೆದದ್ದನ್ನು ಅಷ್ಟರ ಮಟ್ಟಿಗೆ ಹಿಂತೆಗೆದುಕೊಳ್ಳುತ್ತೇನೆ. ಅನುಮಾನ ಪಡಲು ಬೇಕಾದಷ್ಟು ಮಾಹಿತಿ ಅವರ ಬಳಿ ಇತ್ತು. ಅನುಮಾನ ಪಡದಿರುವುದು ಒಪ್ಪಿಗೆಗೆ ಸಮವೇ ಎಂಬುದರಲ್ಲಿ ಮಾತ್ರ ನಮ್ಮಿಬ್ಬರಿಗೆ ಭಿನ್ನಾಭಿಪ್ರಾಯ ಉಳಿದಿದೆ.

ಬಿಳಿಹಾಳೆ

ಇಂದು ರಾತ್ರಿಯೇ ಇಮೇಲ್ ಬರೆಯುತ್ತೇನೆ. ವಿಳಾಸದ ವಿಷಯವನ್ನು ಮೊದಲ ಸಾಲಿನಲ್ಲೇ ಹೇಳಿ, ಕಲಮಿನ ಸಂಖ್ಯೆಯನ್ನೂ ಖಾತೆಯ ವಿವರವನ್ನೂ ಕೇಳುತ್ತೇನೆ, ನೇರನುಡಿ ಅವರ ಪ್ರಶ್ನೆಯನ್ನೂ ಸೇರಿಸುತ್ತೇನೆ. ಒಂದು ಆತಂಕ ಉಳಿದಿದೆ. ಅವರು ಆಗ ಕಳುಹಿಸಿದ 300 ಯೂರೋವನ್ನು ಹಿಂದಕ್ಕೆ ಕೇಳಬಹುದೇ?

ಲೆಕ್ಕದಪುಸ್ತಕ

ನೀವು ಹಾಕಿದ್ದು 350, ಪಡೆದದ್ದು 300. ನಿಮ್ಮ ಡಿಪಾಸಿಟ್ ಮೀರಿದ ಒಂದು ಯೂರೋ ಕೂಡ ನಿಮ್ಮ ಬಳಿ ಇಲ್ಲದಿರುವಾಗ ಅವರದೇ ಲೆಕ್ಕದ ಪ್ರಕಾರ ಕೇಳಲು ಏನೂ ಇಲ್ಲ. ಆ 300ರ ಬದಲು 500 ತೆಗೆದಿದ್ದರೆ ನನ್ನ ಉತ್ತರ ಬೇರೆಯಾಗಿರುತ್ತಿತ್ತು.